ತಿದ್ದುಪಡಿ: ತರಬೇತಿಗೆ ಬರುವವರು 184, 148 ಅಲ್ಲ

ಇಂದ: ಶ್ವೇತಾ, ತರಬೇತಿ ಸಂಯೋಜಕಿ
ಗೆ: ಕಾರ್ಯಾಗಾರದ ತಂಡ (7 ಜನ), ಮುದ್ರಣದವರು, ಸಭಾಂಗಣದವರು
ಬುಧವಾರ, ಬೆಳಗ್ಗೆ 10:40
ವಿಷಯ: ತಿದ್ದುಪಡಿ – ಬರುವವರು 184, 148 ಅಲ್ಲ. 9:15ರ ಫೈಲ್ ಬಳಸಬೇಡಿ

ಎಲ್ಲರಿಗೂ ನಮಸ್ಕಾರ,

ಇವತ್ತು 9:15ಕ್ಕೆ ನಾನು ಕಳಿಸಿದ ಮೇಲ್‌ನಲ್ಲಿ ಎರಡು ತಪ್ಪುಗಳಿವೆ.

ತರಬೇತಿಗೆ ಬರುವವರು 148 ಎಂದು ಬರೆದಿದ್ದೆ. ಸರಿಯಾದ ಸಂಖ್ಯೆ 184. ಮೊದಲ ತಂಡ 46, ಎರಡನೇ ತಂಡ 52, ಮೂರನೇ ತಂಡ 38, ನಾಲ್ಕನೇ ತಂಡ 48.

ಜೊತೆಗಿದ್ದ ವೇಳಾಪಟ್ಟಿ ಕೂಡ ಹಳೆಯ ಕರಡು. ಅದರಲ್ಲಿ ಮೂರನೇ ತಂಡಕ್ಕೆ ಬೆಳಗ್ಗೆ 9:30 ಎಂದಿದೆ. ಅವರು ಬರಬೇಕಾದದ್ದು ಮಧ್ಯಾಹ್ನ 2ಕ್ಕೆ. ಉಳಿದ ಮೂರು ತಂಡಗಳ ಸಮಯ ಬದಲಾಗಿಲ್ಲ. ಸರಿಯಾದ ವೇಳಾಪಟ್ಟಿ `velapatti-v4.pdf` ಈ ಮೇಲ್ ಜೊತೆಗಿದೆ.

ಇದರಿಂದ ಬದಲಾಗುವುದು ಇಷ್ಟು: ಕೈಪಿಡಿ 158ರ ಬದಲು 194 ಪ್ರತಿ ಬೇಕು (ತರಬೇತುದಾರರ 10 ಪ್ರತಿ ಸೇರಿ). ಉದ್ಘಾಟನೆಗೆ ಎಲ್ಲರೂ ಒಟ್ಟಿಗೆ ಕೂರುವುದರಿಂದ 160 ಆಸನದ ಹಾಲ್ ಸಾಲದು, 200 ಆಸನದ್ದು ಬೇಕು. ಈ ಎರಡು ಕೆಲಸದವರಿಗೆ ಈಗಲೇ ಫೋನ್ ಮಾಡುತ್ತಿದ್ದೇನೆ.

ತೊಂದರೆಗೆ ಕ್ಷಮಿಸಿ. ಹಳೆಯ ಸಂಖ್ಯೆಯನ್ನು ಯಾರಾದರೂ ಈಗಾಗಲೇ ಬೇರೆಯವರಿಗೆ ಕಳಿಸಿದ್ದರೆ ನನಗೆ ತಿಳಿಸಿ. ಅವರಿಗೆ ನಾನೇ ಬರೆಯುತ್ತೇನೆ.

ಶ್ವೇತಾ

---

ಇಂದ: ಶ್ವೇತಾ
ಗೆ: ರಮೇಶ್, ಮುದ್ರಣ
ಬುಧವಾರ, ಬೆಳಗ್ಗೆ 11:05
ವಿಷಯ: ಕೈಪಿಡಿ 194 ಪ್ರತಿ – ಫೋನ್‌ನಲ್ಲಿ ಮಾತಾಡಿದ್ದು

ರಮೇಶ್ ಅವರೇ,

ಫೋನ್‌ನಲ್ಲಿ ಹೇಳಿದ್ದನ್ನೇ ಬರಹದಲ್ಲೂ ಕಳಿಸುತ್ತಿದ್ದೇನೆ. ಆಮೇಲೆ ಗೊಂದಲ ಆಗಬಾರದು ಅಲ್ವಾ.

ಒಟ್ಟು 194 ಪ್ರತಿ. ಮೊದಲು ಹೇಳಿದ್ದಕ್ಕಿಂತ 36 ಜಾಸ್ತಿ. ಪುಟಗಳಲ್ಲಿ ಯಾವ ಬದಲಾವಣೆಯೂ ಇಲ್ಲ, ನಿಮ್ಮ ಹತ್ತಿರ ಇರುವ ಕೈಪಿಡಿಯ ಫೈಲ್ ಸರಿಯಾಗಿಯೇ ಇದೆ. ಮುದ್ರಣ ಇನ್ನೂ ಶುರುವಾಗಿಲ್ಲ, ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತೇವೆ ಎಂದು ನೀವು ಹೇಳಿದ್ದಕ್ಕೆ ಧನ್ಯವಾದ. ಶುಕ್ರವಾರ ಸಂಜೆಗೆ ಸಿಕ್ಕರೆ ಸಾಕು.

ಶ್ವೇತಾ

---

ಇಂದ: ಪ್ರಕಾಶ್
ಗೆ: ಶ್ವೇತಾ
ಬುಧವಾರ, ಬೆಳಗ್ಗೆ 11:30
ವಿಷಯ: Re: ತಿದ್ದುಪಡಿ – ಬರುವವರು 184, 148 ಅಲ್ಲ

ಶ್ವೇತಾ,

ಬೇಗ ತಿಳಿಸಿದ್ದು ಒಳ್ಳೆಯದಾಯಿತು. ಎರಡು ವಿಷಯ ಕೇಳಬೇಕಿತ್ತು. 184 ಈಗ ಖಚಿತ ತಾನೇ? ಇನ್ನೊಂದು, 9:15ರ ಎಕ್ಸೆಲ್ ಫೈಲ್‌ನಲ್ಲಿ ಎರಡನೇ ಹಾಳೆ ಇದೆ, ನೋಡಿದ್ದೀರಾ? ಅಲ್ಲಿ ಎರಡನೇ ತಂಡದವರ ಹೆಸರು, ಮೊಬೈಲ್ ನಂಬರ್ ಎಲ್ಲ ಕಾಣುತ್ತಿದೆ.

ಪ್ರಕಾಶ್

---

ಇಂದ: ಶ್ವೇತಾ
ಗೆ: ಪ್ರಕಾಶ್
ಬುಧವಾರ, ಬೆಳಗ್ಗೆ 11:50
ವಿಷಯ: Re: ತಿದ್ದುಪಡಿ – ಬರುವವರು 184, 148 ಅಲ್ಲ

ಸರ್,

ಎರಡನೇ ಹಾಳೆಯನ್ನು ನಾನು ನೋಡಿರಲಿಲ್ಲ. ಹೌದು, 52 ಜನರ ಹೆಸರು ಮತ್ತು ಮೊಬೈಲ್ ನಂಬರ್ ಹೋಗಿದೆ. ಸಂಖ್ಯೆ ತಪ್ಪಿದ್ದಕ್ಕಿಂತ ಇದು ದೊಡ್ಡ ತಪ್ಪು. 10:40ರ ಮೇಲ್‌ನಲ್ಲಿ ಇದನ್ನೂ ಹೇಳಬೇಕಿತ್ತು.

ಕಳಿಸಿದ ಮೇಲ್ ಹಿಂಪಡೆಯುವ ಸೌಲಭ್ಯ ನಮ್ಮ ಸಂಸ್ಥೆಯ ಹೊರಗಿನ ವಿಳಾಸಗಳಿಗೆ ಕೆಲಸ ಮಾಡುವುದಿಲ್ಲ. 9:15ರ ಮೇಲ್ ಹೋದ ಒಂಬತ್ತು ವಿಳಾಸಗಳಲ್ಲಿ ಎರಡು ಹೊರಗಿನವು. ಹಾಗಾಗಿ ಅದನ್ನು ನಂಬಿಕೊಂಡು ಕೂರದೆ, ಫೈಲ್ ಅಳಿಸಿ ಎಂದು ಒಂಬತ್ತೂ ಜನರನ್ನು ಕೇಳುತ್ತಿದ್ದೇನೆ. ಆ 52 ಜನರಿಗೂ ತಿಳಿಸಬೇಕು ಎಂದು ನನ್ನ ಅಭಿಪ್ರಾಯ. ಅವರ ನಂಬರ್ ಎಲ್ಲಿ ಹೋಗಿದೆ ಎಂದು ಅವರಿಗೆ ಗೊತ್ತಿರಬೇಕು. ನೀವು ಒಪ್ಪಿದರೆ ಮಧ್ಯಾಹ್ನದೊಳಗೆ ಕಳಿಸುತ್ತೇನೆ, ಕರಡು ಕೆಳಗಿದೆ.

184 ಖಚಿತ. ನೋಂದಣಿಯ ಮೂಲ ಪಟ್ಟಿಯಿಂದ ನಾಲ್ಕೂ ತಂಡ ಮತ್ತೆ ಎಣಿಸಿದೆ. ಮೇಲ್ ಬರೆಯುವಾಗ 8 ಮತ್ತು 4 ಅದಲುಬದಲಾಗಿತ್ತು. ಪಕ್ಕಪಕ್ಕದ ಎರಡು ಅಂಕಿ ಹೀಗೆ ಜಾಗ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಇಲ್ಲೂ ವ್ಯತ್ಯಾಸ 36. ಆದರೂ ಅಷ್ಟಕ್ಕೇ ಬಿಡದೆ ಎಲ್ಲ ಸಾಲುಗಳನ್ನೂ ಕೂಡಿಸಿ ನೋಡಿದೆ, ಬೇರೆ ತಪ್ಪು ಸಿಗಲಿಲ್ಲ. ಹಾಳೆಯಲ್ಲಿ ಮೊತ್ತವನ್ನು ಕೈಯಲ್ಲಿ ಬರೆಯುವ ಬದಲು ಈಗ `=SUM(B2:B5)` ಹಾಕಿದ್ದೇನೆ. ಮೇಲ್‌ಗೆ ಅಲ್ಲಿಂದಲೇ ನಕಲು ಮಾಡುತ್ತೇನೆ.

ಇನ್ನು ಮೇಲೆ ಹೊರಗಿನವರಿಗೆ ಎಕ್ಸೆಲ್ ಫೈಲ್ ಕಳಿಸುವುದಿಲ್ಲ, ಬೇಕಾದ ಪುಟದ ಪಿಡಿಎಫ್ ಮಾತ್ರ.

ಶ್ವೇತಾ

---

ಇಂದ: ಶ್ವೇತಾ
ಗೆ: ಕಾರ್ಯಾಗಾರದ ತಂಡ (7 ಜನ), ಮುದ್ರಣದವರು, ಸಭಾಂಗಣದವರು
ಬುಧವಾರ, ಮಧ್ಯಾಹ್ನ 12:05
ವಿಷಯ: ದಯವಿಟ್ಟು 9:15ರ ಫೈಲ್ ಅಳಿಸಿ – ಅದರಲ್ಲಿ ಮೊಬೈಲ್ ನಂಬರ್‌ಗಳಿವೆ

ಎಲ್ಲರಿಗೂ,

9:15ಕ್ಕೆ ಕಳಿಸಿದ `velapatti-karadu.xlsx` ಫೈಲ್‌ನ ಎರಡನೇ ಹಾಳೆಯಲ್ಲಿ 52 ಜನರ ಹೆಸರು ಮತ್ತು ಮೊಬೈಲ್ ನಂಬರ್ ಇದೆ. ಅದನ್ನು ನಾನು ಕಳಿಸಬಾರದಿತ್ತು.

ದಯವಿಟ್ಟು ಆ ಮೇಲ್ ಅಳಿಸಿ, ಅಳಿಸಿದ ಮೇಲ್‌ಗಳ ಫೋಲ್ಡರ್‌ನಿಂದಲೂ ತೆಗೆಯಿರಿ. ಫೈಲ್ ಡೌನ್‌ಲೋಡ್ ಮಾಡಿದ್ದರೆ ಅದನ್ನೂ ತೆಗೆಯಿರಿ. ಯಾರಿಗೂ ಮುಂದಕ್ಕೆ ಕಳಿಸಬೇಡಿ. ಕಳಿಸಿದ್ದರೆ ಯಾರಿಗೆ ಎಂದು ನನಗೆ ಹೇಳಿ.

ಅಳಿಸಿದ ಮೇಲೆ ಈ ಮೇಲ್‌ಗೆ "ಅಳಿಸಿದೆ" ಎಂದು ಒಂದು ಪದ ಉತ್ತರಿಸಿ. ಸಂಜೆ 5ರೊಳಗೆ ಉತ್ತರ ಬರದಿದ್ದವರಿಗೆ ಫೋನ್ ಮಾಡುತ್ತೇನೆ. 10:40ರ ಮೇಲ್ ಮತ್ತು ಅದರ ಪಿಡಿಎಫ್ ಇಟ್ಟುಕೊಳ್ಳಿ, ಅದರಲ್ಲಿ ಯಾರ ವಿವರವೂ ಇಲ್ಲ.

ಶ್ವೇತಾ

---

ಇಂದ: ಶ್ವೇತಾ, ತರಬೇತಿ ಸಂಯೋಜಕಿ
ಗೆ: ಎರಡನೇ ತಂಡದ 52 ಜನ (ವಿಳಾಸಗಳು ಬಿಸಿಸಿಯಲ್ಲಿ)
ಬುಧವಾರ, ಮಧ್ಯಾಹ್ನ 1:20
ವಿಷಯ: ನಿಮ್ಮ ಮೊಬೈಲ್ ನಂಬರ್ ತಪ್ಪಾಗಿ ಒಂಬತ್ತು ಜನರಿಗೆ ಹೋಗಿದೆ

ನಮಸ್ಕಾರ,

ಇವತ್ತು ಬೆಳಗ್ಗೆ 9:15ಕ್ಕೆ ನಾನು ಕಳಿಸಿದ ಒಂದು ಫೈಲ್‌ನಲ್ಲಿ ನಿಮ್ಮ ಹೆಸರು ಮತ್ತು ಮೊಬೈಲ್ ನಂಬರ್ ಇತ್ತು. ಅದು ಒಂಬತ್ತು ಜನರಿಗೆ ಹೋಗಿದೆ. ಏಳು ಜನ ಕಾರ್ಯಾಗಾರ ನಡೆಸುವ ತಂಡದವರು, ಒಬ್ಬರು ಮುದ್ರಣದವರು, ಒಬ್ಬರು ಸಭಾಂಗಣದವರು. ನಿಮ್ಮ ಬೇರೆ ಯಾವ ವಿವರವೂ ಅದರಲ್ಲಿ ಇರಲಿಲ್ಲ.

ಫೈಲ್ ಅಳಿಸಲು ಎಲ್ಲರಿಗೂ ಹೇಳಿದ್ದೇನೆ. ಇಲ್ಲಿಯವರೆಗೆ ಆರು ಜನ ಅಳಿಸಿದ್ದಾಗಿ ತಿಳಿಸಿದ್ದಾರೆ. ಉಳಿದ ಮೂವರ ಉತ್ತರ ಬಂದ ಕೂಡಲೇ ನಿಮಗೆ ಬರೆಯುತ್ತೇನೆ.

ಇದು ನನ್ನ ತಪ್ಪು, ಕ್ಷಮಿಸಿ. ನೀವು ಏನೂ ಮಾಡಬೇಕಾಗಿಲ್ಲ. ಆದರೆ ಕಾರ್ಯಾಗಾರದ ಹೆಸರು ಹೇಳಿ ಯಾರಾದರೂ ಕರೆ ಮಾಡಿ ಓಟಿಪಿ ಅಥವಾ ಹಣ ಕೇಳಿದರೆ ಕೊಡಬೇಡಿ. ನಾವು ಫೋನ್‌ನಲ್ಲಿ ಅಂಥದ್ದೇನನ್ನೂ ಕೇಳುವುದಿಲ್ಲ. ಪ್ರಶ್ನೆ ಇದ್ದರೆ ಈ ಮೇಲ್‌ಗೇ ಉತ್ತರಿಸಿ.

ನಿಮ್ಮ ತಂಡದ ತರಬೇತಿಯ ಸಮಯ ಬದಲಾಗಿಲ್ಲ.

ಶ್ವೇತಾ

---

ಇಂದ: ಶ್ವೇತಾ
ಗೆ: ಎರಡನೇ ತಂಡದ 52 ಜನ (ಬಿಸಿಸಿ)
ಸಿಸಿ: ಪ್ರಕಾಶ್
ಬುಧವಾರ, ಸಂಜೆ 5:25
ವಿಷಯ: ಒಂಬತ್ತೂ ಜನ ಫೈಲ್ ಅಳಿಸಿದ್ದಾರೆ

ನಮಸ್ಕಾರ,

ಮಧ್ಯಾಹ್ನ ಹೇಳಿದ್ದ ಉಳಿದ ಮೂವರೂ ಫೈಲ್ ಅಳಿಸಿದ್ದಾರೆ. ಇಬ್ಬರು ಮೇಲ್‌ನಲ್ಲಿ ತಿಳಿಸಿದರು, ಒಬ್ಬರ ಜೊತೆ ಫೋನ್‌ನಲ್ಲಿ ಮಾತಾಡಿದೆ. ಯಾರೂ ಅದನ್ನು ಬೇರೆಯವರಿಗೆ ಕಳಿಸಿಲ್ಲ ಎಂದು ಒಂಬತ್ತೂ ಜನ ಹೇಳಿದ್ದಾರೆ.

ಶ್ವೇತಾ