ವ್ಯಾಪಾರ ಸ್ಥಗಿತ ವಿಮೆಯ ಕ್ಲೇಮ್: ಗ್ರಾಸ್ ಪ್ರಾಫಿಟ್ ನಷ್ಟ ಮತ್ತು ಹೆಚ್ಚುವರಿ ಖರ್ಚಿನ ಲೆಕ್ಕದ ವಿವರ

ಮಾಟುಂಗಾ ಪೂರ್ವ, ಮುಂಬೈ
6 ಅಕ್ಟೋಬರ್ 2025

ಗೆ,
ಸರ್ವೆಯರ್ ಮತ್ತು ಲಾಸ್ ಅಸೆಸರ್ ಅವರಿಗೆ,
ಫೋರ್ಟ್, ಮುಂಬೈ
(ಪ್ರತಿ: ವಿಮಾ ಕಂಪನಿಯ ಕ್ಲೇಮ್ ವಿಭಾಗಕ್ಕೆ)

ವಿಷಯ: 8 ಜೂನ್ 2025ರ ರಾತ್ರಿಯ ಬೆಂಕಿ ಅನಾಹುತ. ಫೈರ್ ಲಾಸ್ ಆಫ್ ಪ್ರಾಫಿಟ್ ಪಾಲಿಸಿಯಡಿ ರೂ. 25,95,972ರ ಕ್ಲೇಮ್.

ಮಾನ್ಯರೇ,

ಕ್ಲೇಮ್ ಫಾರ್ಮ್ ಮತ್ತು ಲೆಕ್ಕದ ಹಾಳೆಗಳನ್ನು ಇಂಗ್ಲಿಷಿನಲ್ಲಿ ಇದರ ಜೊತೆಗೇ ಕೊಟ್ಟಿದ್ದೇವೆ. ಹೋದ ತಿಂಗಳು ಹೋಟೆಲಿಗೆ ಬಂದಾಗ ನೀವು, "ಪ್ರತಿ ಅಂಕಿ ಎಲ್ಲಿಂದ ಬಂತು ಅಂತ ನಿಮ್ಮ ಮಾತಲ್ಲೇ ಬರೆದುಕೊಡಿ, ಕನ್ನಡದಲ್ಲೇ ಇರಲಿ" ಅಂದಿದ್ದಿರಿ. ಅದಕ್ಕೇ ಈ ಪತ್ರ.

ಘಟನೆ ನಿಮಗೆ ಗೊತ್ತೇ ಇದೆ. ಭಾನುವಾರ ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಅಡುಗೆಮನೆಯ ಮುಖ್ಯ ಸ್ವಿಚ್ ಪ್ಯಾನೆಲ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಆಯಿತು. ದೋಸೆ ಕಾವಲಿಯ ಮೇಲಿದ್ದ ಎಕ್ಸಾಸ್ಟ್ ಡಕ್ಟ್‌ನ ಎಣ್ಣೆ ಜಿಡ್ಡಿಗೆ ಬೆಂಕಿ ಹತ್ತಿ, ಇಡೀ ಅಡುಗೆಮನೆ ಸುಟ್ಟುಹೋಯಿತು. ವಸ್ತುಗಳ ನಷ್ಟದ ಕ್ಲೇಮನ್ನು ಫೈರ್ ಪಾಲಿಸಿಯಡಿ ಕಂಪನಿ ಒಪ್ಪಿಕೊಂಡಿದೆ. ಲಾಭದ ಕ್ಲೇಮಿಗೆ ಇರಬೇಕಾದ ಮೊದಲ ಷರತ್ತು ಅದೇ ಆದ್ದರಿಂದ ಆ ಪತ್ರದ ಪ್ರತಿಯನ್ನು ಮೇಲುಗಡೆಯೇ ಇಟ್ಟಿದ್ದೇವೆ.

ಜೂನ್ 9ರಿಂದ ಜುಲೈ 20ರವರೆಗೆ, 42 ದಿನ, ಹೋಟೆಲ್ ಪೂರ್ತಿ ಬಂದ್ ಆಗಿತ್ತು. ಜುಲೈ 21ರಿಂದ ಅರ್ಧ ಟೇಬಲ್, ಅರ್ಧ ಮೆನು ಇಟ್ಟುಕೊಂಡು ಶುರು ಮಾಡಿದೆವು. ಸೆಪ್ಟೆಂಬರ್ 8ರಿಂದ ವ್ಯಾಪಾರ ಮೊದಲಿನ ಮಟ್ಟಕ್ಕೆ ಬಂತು. ಪಾಲಿಸಿಯಲ್ಲಿ 12 ತಿಂಗಳ ಇಂಡೆಮ್ನಿಟಿ ಅವಧಿ ಇದ್ದರೂ, ನಷ್ಟ ನಿಂತ ದಿನಕ್ಕೇ ನಾವೂ ಲೆಕ್ಕ ನಿಲ್ಲಿಸಿದ್ದೇವೆ: ಜೂನ್ 9ರಿಂದ ಸೆಪ್ಟೆಂಬರ್ 7, ಒಟ್ಟು 91 ದಿನ.

ಗ್ರಾಸ್ ಪ್ರಾಫಿಟ್ ದರ

ಬೆಂಕಿಗೆ ಮುಂಚಿನ ಹಣಕಾಸು ವರ್ಷ 2024–25ರ ಆಡಿಟ್ ಆದ ಲೆಕ್ಕವೇ ಇದಕ್ಕೆ ಆಧಾರ. ಜಿಎಸ್‌ಟಿ ಬಿಟ್ಟು ವ್ಯಾಪಾರ ರೂ. 3,60,00,000. ವ್ಯಾಪಾರ ಕಮ್ಮಿಯಾದರೆ ತಾನೂ ಕಮ್ಮಿಯಾಗುವ ಖರ್ಚುಗಳನ್ನಷ್ಟೇ ಇದರಿಂದ ಕಳೆಯಬೇಕು. ದಿನಸಿ, ತರಕಾರಿ, ಹಾಲು ಸೇರಿ ಖರೀದಿ ರೂ. 1,30,10,000. ವರ್ಷದ ಮೊದಲ ದಿನದ ಸ್ಟಾಕ್ ರೂ. 4,10,000 ಸೇರಿಸಿ, ಕೊನೆಯ ದಿನದ ಸ್ಟಾಕ್ ರೂ. 4,60,000 ತೆಗೆದರೆ ಬಳಕೆಯಾದ ಸಾಮಾನು ರೂ. 1,29,60,000. ಗ್ಯಾಸ್ ರೂ. 14,40,000. ಪ್ಯಾಕಿಂಗ್ ಮತ್ತು ಡೆಲಿವರಿ ಆ್ಯಪ್ ಕಮಿಷನ್ ರೂ. 21,60,000. ಮೂರೂ ಕೂಡಿ ರೂ. 1,65,60,000. ಉಳಿದ ರೂ. 1,94,40,000 ಗ್ರಾಸ್ ಪ್ರಾಫಿಟ್, ಅಂದರೆ ವ್ಯಾಪಾರದ ಶೇ. 54.

ಸಂಬಳ, ಬಾಡಿಗೆ, ಕರೆಂಟ್ ಬಿಲ್, ಸಾಲದ ಬಡ್ಡಿ ಈ 54ರ ಒಳಗೇ ಇವೆ. ಹೋಟೆಲ್ ಮುಚ್ಚಿದ್ದರೂ ಇವು ನಿಲ್ಲುವ ಖರ್ಚಲ್ಲ.

ಏಪ್ರಿಲ್ 1ರಿಂದ ನಾವು ಬೋರ್ಡಿನ ರೇಟು ಏರಿಸಿದ್ದರಿಂದ ಲಾಭದ ದರ ಬದಲಾಗಿರಬಹುದಲ್ವಾ ಎಂದು ನೀವು ಕೇಳಿದ್ದಿರಿ. ತೆಂಗಿನಕಾಯಿ ಮತ್ತು ಕಾಫಿಪುಡಿಯ ಬೆಲೆ ಈ ವರ್ಷ ಎಷ್ಟು ಏರಿತು ಅನ್ನೋದು ಎಲ್ಲರಿಗೂ ಗೊತ್ತು. ರೇಟು ಏರಿಸಿದ ದುಡ್ಡೆಲ್ಲ ಚಟ್ನಿಗೂ ಕಾಫಿಗೂ ಸರಿಹೋಯಿತು. ಏಪ್ರಿಲ್, ಮೇ ತಿಂಗಳ ಲೆಕ್ಕದಲ್ಲೂ ದರ 54ರ ಆಸುಪಾಸಿನಲ್ಲೇ ಇದೆ. ಹಾಗಾಗಿ ಅದನ್ನು ಮುಟ್ಟಿಲ್ಲ.

ಬೆಂಕಿ ಬೀಳದಿದ್ದರೆ ಆಗುತ್ತಿದ್ದ ವ್ಯಾಪಾರ

ಭಿನ್ನಾಭಿಪ್ರಾಯ ಇರುವುದು ಇಲ್ಲೇ. ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹಿಂದಿನ ವರ್ಷ ಇದೇ 91 ದಿನ, 9 ಜೂನ್‌ನಿಂದ 7 ಸೆಪ್ಟೆಂಬರ್ 2024ರವರೆಗೆ, ನಮ್ಮ ವ್ಯಾಪಾರ ರೂ. 88,20,000. ಅಷ್ಟನ್ನೇ ಹಿಡಿದು ಲೆಕ್ಕ ಮುಗಿಸೋಣ ಎಂಬ ಸೂಚನೆ ಕಂಪನಿಯಿಂದ ಬಂತು. ಅದಕ್ಕೆ ನಾವು ಒಪ್ಪುವುದಿಲ್ಲ. ವ್ಯಾಪಾರದ ಏರಿಳಿತ, ವಿಶೇಷ ಸನ್ನಿವೇಶ ಎರಡನ್ನೂ ನೋಡಿ ಅಂಕಿ ಸರಿಹೊಂದಿಸಬೇಕು ಎಂದು ಪಾಲಿಸಿಯೇ ಹೇಳುತ್ತದೆ.

ಮೊದಲನೆಯದು ಬೆಳವಣಿಗೆ. ಬೆಂಕಿಗೆ ಮುಂಚೆ, ಏಪ್ರಿಲ್ 1ರಿಂದ ಜೂನ್ 8ರವರೆಗಿನ 69 ದಿನದಲ್ಲಿ, 2024ರಲ್ಲಿ ರೂ. 66,00,000 ವ್ಯಾಪಾರ ಆಗಿತ್ತು. 2025ರಲ್ಲಿ ರೂ. 71,28,000. ಅಲ್ಲಿಗೆ ಶೇ. 8 ಜಾಸ್ತಿ. 88,20,000ಕ್ಕೆ ಶೇ. 8 ಸೇರಿಸಿದರೆ ರೂ. 95,25,600.

ಎರಡನೆಯದು ಗಣಪತಿ ಹಬ್ಬ. 2024ರಲ್ಲಿ ಚೌತಿ ಬಂದದ್ದು ಸೆಪ್ಟೆಂಬರ್ 7ಕ್ಕೆ, ಅನಂತ ಚತುರ್ದಶಿ 17ಕ್ಕೆ. ಅಂದರೆ ಹೋದ ವರ್ಷದ 91 ದಿನದಲ್ಲಿ ಹಬ್ಬದ ಒಂದೇ ಒಂದು ದಿನ ಇದೆ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ, ಅನಂತ ಚತುರ್ದಶಿ ಸೆಪ್ಟೆಂಬರ್ 6ಕ್ಕೆ. ಹನ್ನೊಂದು ದಿನವೂ ನಷ್ಟದ ಅವಧಿಯೊಳಗೇ ಬಿತ್ತು. ನಮ್ಮದು ಕಿಂಗ್ಸ್ ಸರ್ಕಲ್‌ಗೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲ್. ಜಿಎಸ್‌ಬಿ ಗಣಪತಿಯ ದರ್ಶನಕ್ಕೆ ಬಂದವರು ಬೆಳಗ್ಗೆ ಆರಕ್ಕೇ ಇಡ್ಲಿ, ಕಾಫಿಗೆ ಬಾಗಿಲಲ್ಲಿ ನಿಂತಿರುತ್ತಾರೆ. ರಾತ್ರಿ ಹನ್ನೊಂದಾದರೂ ಪಾರ್ಸೆಲ್ ಕೌಂಟರ್ ಖಾಲಿಯಾಗುವುದಿಲ್ಲ. ವರ್ಷದಲ್ಲಿ ನಮಗೆ ಇಂಥ ಸೀಸನ್ ಇನ್ನೊಂದಿಲ್ಲ. ಈ ವರ್ಷ ಆ ದಿನಗಳಲ್ಲಿ ಅರ್ಧ ಟೇಬಲ್ ಹಾಕಿಕೊಂಡು, ಬಂದವರನ್ನು ವಾಪಸ್ ಕಳಿಸಿದ್ದೇವೆ.

ಹಬ್ಬಕ್ಕೆ ಎಷ್ಟು ಸೇರಿಸಬೇಕು ಎಂಬುದನ್ನು ಸುಮ್ನೆ ಅಂದಾಜಿನಲ್ಲಿ ಬರೆದಿಲ್ಲ. 2024ರ ಸೆಪ್ಟೆಂಬರ್ 8ರಿಂದ 17ರ ಹತ್ತು ದಿನದಲ್ಲಿ ವ್ಯಾಪಾರ ರೂ. 13,40,000. ಅದೇ ವಾರಗಳೇ ಬರುವ ಹತ್ತು ದಿನ, ಆಗಸ್ಟ್ 18ರಿಂದ 27ರವರೆಗೆ, ರೂ. 9,90,000. ಎರಡೂ ಭಾನುವಾರ ಶುರುವಾಗಿ ಮಂಗಳವಾರ ಮುಗಿಯುತ್ತವೆ. ವ್ಯತ್ಯಾಸ ರೂ. 3,50,000, ಶೇ. 8 ಸೇರಿ ರೂ. 3,78,000. ಆ ಆಗಸ್ಟ್ ದಿನಗಳಲ್ಲಿ ಗೋಕುಲಾಷ್ಟಮಿಯೂ ಇತ್ತು. ಪೂರ್ತಿ ಸಪ್ಪೆ ದಿನಗಳನ್ನು ಹುಡುಕಿ ಹೋಲಿಸಿದ್ದರೆ ಈ ಅಂಕಿ ಇನ್ನೂ ದೊಡ್ಡದಾಗುತ್ತಿತ್ತು.

ಮೂರನೆಯದು ನಮಗೆ ವಿರುದ್ಧವಾದದ್ದು. ಅದನ್ನೂ ನಾವೇ ಕಳೆದಿದ್ದೇವೆ. ಈ ವರ್ಷ ಆಗಸ್ಟ್ 18 ಮತ್ತು 19ರ ಮಳೆಗೆ ಮುಂಬೈ ನಿಂತೇಹೋಗಿತ್ತು. ಬೆಂಕಿ ಬೀಳದಿದ್ದರೂ ಆ ಎರಡು ದಿನ ಗಿರಾಕಿ ಕಮ್ಮಿಯೇ. ಹೋದ ವರ್ಷದ ಅವಧಿಯಲ್ಲೂ ಜುಲೈ 8ರಂದು ಅಂಥದ್ದೇ ಮಳೆ ಬಂದಿತ್ತು, ಆದ್ದರಿಂದ ಒಂದು ದಿನದ ಪೆಟ್ಟು ಮೂಲ ಅಂಕಿಯಲ್ಲೇ ಸೇರಿಹೋಗಿದೆ. ಇನ್ನೊಂದು ದಿನದ್ದನ್ನು ತೆಗೆಯಬೇಕು. ಆ ಜುಲೈ 8ರಂದು ಮಾಮೂಲಿ ಸೋಮವಾರಕ್ಕಿಂತ ಕಮ್ಮಿಯಾದದ್ದು ರೂ. 45,000, ಶೇ. 8 ಸೇರಿ ರೂ. 48,600.

ಹೀಗೆ ಆಗಬೇಕಿದ್ದ ವ್ಯಾಪಾರ ರೂ. 98,55,000.

ಆದದ್ದು ಎಷ್ಟು

ಹೋಟೆಲಿನಲ್ಲಿ ಜುಲೈ 21ರ ನಂತರ ರೂ. 33,96,400. ವಡಾಲಾದಲ್ಲಿ ಬಾಡಿಗೆಗೆ ಹಿಡಿದ ಅಡುಗೆಮನೆಯಿಂದ ಜುಲೈ, ಆಗಸ್ಟ್‌ನಲ್ಲಿ ಆಫೀಸುಗಳ ಟಿಫಿನ್ ಮತ್ತು ಪಾರ್ಸೆಲ್ ಮಾರಿ ರೂ. 14,18,600. ಬೇರೆ ಜಾಗದಲ್ಲಿ ಮಾಡಿದ ವ್ಯಾಪಾರವೂ ನಮ್ಮದೇ ಎಂದು ಪಾಲಿಸಿ ಎಣಿಸುವುದರಿಂದ ಎರಡನ್ನೂ ಕೂಡಿಸಿದ್ದೇವೆ: ರೂ. 48,15,000. ಬಿಲ್ಲಿಂಗ್ ಮೆಷಿನ್ ರಿಪೋರ್ಟ್, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರಕ್ಕೂ ಇದು ತಾಳೆಯಾಗುತ್ತದೆ.

ಕೊರತೆ ರೂ. 50,40,000. ಅದರ ಶೇ. 54, ಅಂದರೆ ರೂ. 27,21,600, ಗ್ರಾಸ್ ಪ್ರಾಫಿಟ್ ನಷ್ಟ.

ಹೆಚ್ಚುವರಿ ಖರ್ಚು

ವ್ಯಾಪಾರ ಪೂರ್ತಿ ಕೈತಪ್ಪದಿರಲಿ ಅಂತ ಮಾಡಿದ ಖರ್ಚುಗಳು ಇವು. ವಡಾಲಾ ಅಡುಗೆಮನೆಯ ಎರಡು ತಿಂಗಳ ಬಾಡಿಗೆ ರೂ. 1,70,000, ಅದರ ಮೇಲೆ ಜಿಎಸ್‌ಟಿ ರೂ. 30,600. ಹೋಟೆಲಿಗೆ ಶೇ. 5ರ ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಆದ್ದರಿಂದ ಆ ತೆರಿಗೆ ನಮಗೆ ನಿಜವಾದ ಖರ್ಚು. ದಿನಕ್ಕೆ ರೂ. 1,800ರಂತೆ 62 ದಿನದ ಟೆಂಪೊ ರೂ. 1,11,600. ಗ್ರೈಂಡರ್, ಕಾವಲಿ, ಇಡ್ಲಿ ಸ್ಟೀಮರ್ ಬಾಡಿಗೆ ರೂ. 74,000. ಮೂರೂ ಸೇರಿ ರೂ. 3,86,200. ಇಂಥ ಖರ್ಚು, ಅದರಿಂದ ಉಳಿದ ಗ್ರಾಸ್ ಪ್ರಾಫಿಟ್‌ಗಿಂತ ಜಾಸ್ತಿ ಇರಬಾರದು ಎಂಬುದು ನಿಯಮ. ವಡಾಲಾ ವ್ಯಾಪಾರದ ಶೇ. 54 ಎಂದರೆ ರೂ. 7,66,044. ಖರ್ಚು ಅದರ ಅರ್ಧದ ಆಸುಪಾಸು.

ರಿಪೇರಿ ಬೇಗ ಮುಗಿಸಲು ರಾತ್ರಿ ಪಾಳಿಯ ಕೂಲಿ ರೂ. 1,36,000. ಇದು ಇಲ್ಲದಿದ್ದರೆ ಇನ್ನೂ 12 ದಿನ ಬೇಕಿತ್ತು ಎಂದು ಕಂಟ್ರಾಕ್ಟರ್ ಬರೆದುಕೊಟ್ಟಿದ್ದಾರೆ. ಆ 12 ದಿನದಲ್ಲಿ, ಅಂದರೆ ಆಗಸ್ಟ್ 1ರವರೆಗೆ, ರೂ. 7,20,000 ವ್ಯಾಪಾರ ಆಗಿದೆ. ಅದರ ಗ್ರಾಸ್ ಪ್ರಾಫಿಟ್ ರೂ. 3,88,800. ಮತ್ತೆ ತೆರೆದಿದ್ದೇವೆ ಎಂದು ತಿಳಿಸುವ ಬ್ಯಾನರ್, ಕರಪತ್ರಕ್ಕೆ ರೂ. 28,000. ಒಟ್ಟು ಹೆಚ್ಚುವರಿ ಖರ್ಚು ರೂ. 5,50,200.

ವಡಾಲಾದಲ್ಲಿ ಸುಟ್ಟ ಗ್ಯಾಸ್, ಬಳಸಿದ ದಿನಸಿ, ದುಡಿದ ಹುಡುಗರ ಸಂಬಳ ಇದರಲ್ಲಿಲ್ಲ. ಅವು ಮೇಲಿನ ಲೆಕ್ಕದಲ್ಲೇ ಇವೆ. ಮತ್ತೆ ಸೇರಿಸಿದರೆ ಒಂದೇ ದುಡ್ಡನ್ನು ಎರಡು ಸಲ ಕೇಳಿದ ಹಾಗೆ.

ಉಳಿತಾಯ, ಮತ್ತು ಸಂಬಳದ ಪ್ರಶ್ನೆ

ಮುಚ್ಚಿದ್ದ 42 ದಿನದಲ್ಲಿ ಕರೆಂಟ್ ಬಿಲ್ಲಿನಲ್ಲಿ ರೂ. 1,26,000 ಉಳಿದಿದೆ. ಒಂಬತ್ತು ಜನ ಸಪ್ಲೈಯರ್‌ಗಳು ತಾವಾಗಿಯೇ ಒಂದು ತಿಂಗಳು ಸಂಬಳವಿಲ್ಲದ ರಜೆಯಲ್ಲಿ ಊರಿಗೆ ಹೋದರು, ಅದು ರೂ. 1,62,000. ಒಟ್ಟು ರೂ. 2,88,000 ಕಳೆದಿದ್ದೇವೆ.

ಬಾಕಿ 22 ಜನರಿಗೆ ಕೆಲಸ ಕಮ್ಮಿ ಇದ್ದಾಗಲೂ ಪೂರ್ತಿ ಸಂಬಳ ಯಾಕೆ ಎಂದು ಕಂಪನಿ ಕೇಳಿದೆ. ದೋಸೆ ಭಟ್ಟರು, ಸಾಂಬಾರಿನ ಭಟ್ಟರು ಕುಂದಾಪುರ, ಬೈಂದೂರು ಕಡೆಯವರು. ಒಮ್ಮೆ ಲೆಕ್ಕ ಚುಕ್ತಾ ಮಾಡಿ ಕಳಿಸಿದರೆ ಮತ್ತೆ ಬರುವುದಿಲ್ಲ, ಮರುದಿನವೇ ಬೇರೆ ಹೋಟೆಲಿನವರು ಕರೆಯುತ್ತಾರೆ. ಹೊಸಬರನ್ನು ಹುಡುಕಿ, ನಮ್ಮ ರುಚಿಗೆ ಪಳಗಿಸುವಷ್ಟರಲ್ಲಿ ನಷ್ಟದ ಅವಧಿ 91 ದಿನಕ್ಕೆ ನಿಲ್ಲುತ್ತಿರಲಿಲ್ಲ. ಅವರು ನಮ್ಮನ್ನು ನಂಬಿ ಮನೆಗೆ ದುಡ್ಡು ಕಳಿಸುವವರು. ಆ ಸಂಬಳ ಕೊಟ್ಟದ್ದು ಸರಿ ಎಂದೇ ನಾವು ಹೇಳುತ್ತೇವೆ, ಪಾಲಿಸಿಯಲ್ಲೂ ಸಂಬಳಕ್ಕೆ ಪೂರ್ತಿ ರಕ್ಷಣೆ ಇದೆ.

ವಿಮಾ ಮೊತ್ತ ಸಾಕಷ್ಟಿದೆಯೇ

ವ್ಯಾಪಾರಕ್ಕೆ ಶೇ. 8 ಬೆಳವಣಿಗೆ ಕೇಳಿದ ಮೇಲೆ, ಈ ಪರೀಕ್ಷೆಗೂ ಅದನ್ನೇ ಹಿಡಿಯುವುದು ನ್ಯಾಯ. 9 ಜೂನ್ 2024ರಿಂದ ಮಾರ್ಚ್ ಕೊನೆಯವರೆಗಿನ ರೂ. 2,94,00,000ಕ್ಕೆ ಶೇ. 8 ಸೇರಿಸಿದರೆ ರೂ. 3,17,52,000. ಈ ವರ್ಷದ ರೂ. 71,28,000 ಕೂಡಿಸಿದರೆ ವಾರ್ಷಿಕ ವ್ಯಾಪಾರ ರೂ. 3,88,80,000. ಅದರ ಶೇ. 54 ರೂ. 2,09,95,200. ವಿಮಾ ಮೊತ್ತ ರೂ. 2,15,00,000. ಹಾಗಾಗಿ ಕಡಿಮೆ ವಿಮೆ ಎಂದು ಕಡಿತ ಮಾಡಲು ಅವಕಾಶವಿಲ್ಲ.

ಪಾಲಿಸಿ ಪ್ರಕಾರ ಮೊದಲ 7 ದಿನದ ಗ್ರಾಸ್ ಪ್ರಾಫಿಟ್ ನಷ್ಟ ನಮ್ಮ ಪಾಲಿಗೆ. 2024ರ ಅದೇ 7 ದಿನದ ವ್ಯಾಪಾರ ರೂ. 6,65,000. ಶೇ. 8 ಸೇರಿಸಿ, 54ರ ದರ ಹಾಕಿದರೆ ರೂ. 3,87,828.

ಗ್ರಾಸ್ ಪ್ರಾಫಿಟ್ ನಷ್ಟ: 27,21,600
ಹೆಚ್ಚುವರಿ ಖರ್ಚು ಸೇರಿಸಿ: 5,50,200
ಉಳಿತಾಯ ಕಳೆದು: 2,88,000
7 ದಿನದ ಕಡಿತ ಕಳೆದು: 3,87,828
ಕ್ಲೇಮ್ ಮೊತ್ತ: ರೂ. 25,95,972

ಮುಂಗಡವಾಗಿ ರೂ. 8,00,000 ನಮಗೆ ಬಂದಿದೆ. ಬಾಕಿ ರೂ. 17,95,972. ಅಡುಗೆಮನೆ ಕಟ್ಟಲು ತೆಗೆದ ಸಾಲದ ಕಂತು ಈ ತಿಂಗಳಿಂದ ಶುರುವಾಗಿದೆ, ದಯವಿಟ್ಟು ನಿಮ್ಮ ವರದಿಯನ್ನು ಬೇಗ ಕೊಡಿ. ಹಬ್ಬದ ಹೊಂದಾಣಿಕೆಯ ಬಗ್ಗೆ ಸಂಶಯ ಇದ್ದರೆ 2024ರ ದಿನವಾರು ಬಿಲ್ ಪುಸ್ತಕ, ಮೆಷಿನ್ ಡೇಟಾ ಎರಡೂ ಗಲ್ಲಾದ ಹತ್ತಿರವೇ ಇವೆ. ಯಾವ ದಿನ ಬೇಕಾದರೂ ಬಂದು ನೋಡಬಹುದು. ಮಧ್ಯಾಹ್ನ ಮೂರರ ನಂತರ ಬಂದರೆ ನಮ್ಮ ಅಕೌಂಟೆಂಟ್ ಕೂಡ ಸಿಗುತ್ತಾರೆ.

ಇತಿ ನಿಮ್ಮ ವಿಶ್ವಾಸಿ,
(ಸಹಿ)
ಹೋಟೆಲ್ ಮಾಲೀಕ ಮತ್ತು ಪಾಲಿಸಿದಾರ

ಲಗತ್ತು: ವಸ್ತು ನಷ್ಟದ ಕ್ಲೇಮ್ ಒಪ್ಪಿಗೆ ಪತ್ರ, ಅಗ್ನಿಶಾಮಕ ದಳದ ವರದಿ, 2024–25ರ ಆಡಿಟ್ ಲೆಕ್ಕ, ದಿನವಾರು ವ್ಯಾಪಾರದ ಹಾಳೆ, ಏಪ್ರಿಲ್–ಮೇ 2025ರ ಲೆಕ್ಕ, ಬಾಡಿಗೆ ಕರಾರು, ಟೆಂಪೊ ಮತ್ತು ಕೂಲಿ ರಸೀದಿ, ಕಂಟ್ರಾಕ್ಟರ್ ಪತ್ರ, ಸಂಬಳದ ರಿಜಿಸ್ಟರ್, ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ.