ಮಳೆ ಹಿಡಿಯುವ ಮೊದಲು: ಬೋರ್ಡೋ ದ್ರಾವಣ ವೆಬಿನಾರ್, ಶಿರಸಿ

ಭಾನುವಾರ, ಮೇ 17, 2026. ಸಂಜೆ 4ರಿಂದ 5.30. ಝೂಮ್‌ನಲ್ಲಿ, ಕನ್ನಡದಲ್ಲೇ. ಶುಲ್ಕ 150 ರೂ. ಜಾಗ 100 ಜನಕ್ಕೆ.

ಮದ್ದು ಹೊಡೆಸಿದರೂ ಅಡಿಕೆಗೆ ಕೊಳೆ ಬಂತೇ? ಕೊನೆಗೌಡರನ್ನು ದೂರುವ ಮೊದಲು ಡ್ರಮ್ಮು ನೋಡಿ. ಹಳೆಯ ಸುಣ್ಣ, ಕರಗದ ಮೈಲುತುತ್ತ, ನಿನ್ನೆ ಉಳಿದ ದ್ರಾವಣ: ತಪ್ಪುವುದು ಹೆಚ್ಚಾಗಿ ಅಲ್ಲೇ. ಶೇ 1ರ 100 ಲೀಟರ್ ದ್ರಾವಣವನ್ನು ಕ್ಯಾಮೆರಾ ಎದುರೇ ಮಾಡಿ ತೋರಿಸುತ್ತೇವೆ. ಕೊನೆಯ 30 ನಿಮಿಷ ನಿಮ್ಮ ಪ್ರಶ್ನೆಗಳಿಗೆ.

ನೋಂದಣಿ: ಹೆಸರು, ಊರು, ವಾಟ್ಸಾಪ್ ಸಂಖ್ಯೆ, ಇಮೇಲ್, ತೋಟ ಎಷ್ಟು ಗುಂಟೆ, ಕಳೆದ ವರ್ಷ ಎಷ್ಟು ಸಲ ಮದ್ದು ಹೊಡೆಸಿದಿರಿ. ಇಮೇಲ್‌ನಲ್ಲಿ ಒಂದಕ್ಷರ ತಪ್ಪಿದರೂ ನಿಮಗೆ ಲಿಂಕ್ ಬರುವುದಿಲ್ಲ, ನಮಗೆ ದುಡ್ಡು ಮಾತ್ರ ಬಂದಿರುತ್ತದೆ. ಆದ್ದರಿಂದ ಎರಡು ಸಲ ಓದಿ ಒತ್ತಿ. ಮೇ 15ರ ಒಳಗೆ ತಿಳಿಸಿದರೆ ಪೂರ್ತಿ ಹಣ ವಾಪಸ್.

ಇಮೇಲ್ 1, ಹಣ ಕಟ್ಟಿದ ಕೂಡಲೇ
ವಿಷಯ: ನಿಮ್ಮ ಜಾಗ ಖಾತ್ರಿ, ಮೇ 17
ನಮಸ್ಕಾರ. ಲಿಂಕ್ ಕೆಳಗಿದೆ. ಅದು ನಿಮ್ಮೊಬ್ಬರದು; ಬೇರೆಯವರಿಗೆ ಕಳಿಸಿದರೆ ನಿಮಗೇ ಒಳಗೆ ಬರಲು ತೊಡಕಾದೀತು. ಮನೆಯವರೆಲ್ಲ ಒಂದೇ ಫೋನಿನ ಮುಂದೆ ಕೂತರೆ ಅಡ್ಡಿಯಿಲ್ಲ.

ಇಮೇಲ್ 2, ಮೇ 16, ಸಂಜೆ 6
ವಿಷಯ: ನಾಳೆ ಸಂಜೆ 4ಕ್ಕೆ
ಝೂಮ್ ಆ್ಯಪ್ ಇವತ್ತೇ ಹಾಕಿಕೊಂಡು ತೆರೆದು ನೋಡಿ. ಫೋನ್ ಚಾರ್ಜ್ ಮಾಡಿಡಿ. ಸಂಜೆ ಗುಡುಗು ಬಂದರೆ ಕರೆಂಟು ಹೋಗುವುದು ಹೊಸತಲ್ಲ. ಮನೆಯೊಳಗೆ ಸಿಗ್ನಲ್ ಸಿಗದವರು ಸಿಗುವ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ. ಡೇಟಾ 1 ಜಿಬಿ ಉಳಿದಿರಲಿ.

ಇಮೇಲ್ 3, ಮೇ 17, ಮಧ್ಯಾಹ್ನ 3
ವಿಷಯ: ಇನ್ನೊಂದು ಗಂಟೆ
3.50ಕ್ಕೆ ಬಾಗಿಲು ತೆರೆಯುತ್ತದೆ. ದನಿ ಕೇಳದಿದ್ದರೆ ಒಮ್ಮೆ ಹೊರಹೋಗಿ ಮತ್ತೆ ಬನ್ನಿ.

ಇಮೇಲ್ 4, ಮೇ 18, ಬಂದವರಿಗೆ
ವಿಷಯ: ರೆಕಾರ್ಡಿಂಗ್, ಮತ್ತು ಚಾಕುವಿನ ಪರೀಕ್ಷೆ
ರೆಕಾರ್ಡಿಂಗ್ ಮೇ 31ರ ರಾತ್ರಿ 12ರವರೆಗೆ ಇರುತ್ತದೆ. ಲೆಕ್ಕ ಬರೆದಿಟ್ಟುಕೊಳ್ಳಿ: 1 ಕೆಜಿ ಮೈಲುತುತ್ತ 50 ಲೀಟರ್ ನೀರಿಗೆ, 1 ಕೆಜಿ ಸುಣ್ಣ ಇನ್ನು 50 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲೇ ತೂಗುಬಿಡಿ. ಕರಗಿದ್ದು ಭಾರವಾಗಿ ಕೆಳಗಿಳಿಯುತ್ತದೆ, ಬೇಗ ಕರಗುತ್ತದೆ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ, ಅದಲುಬದಲು ಬೇಡ.

ಪರೀಕ್ಷೆಗೆ ಸ್ಟೀಲ್ ಚಾಕು ಬೇಡ. ತುಕ್ಕು ಉಜ್ಜಿ ತೆಗೆದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ. ಕೆಂಪು ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ತಾಮ್ರ ಹಿಡಿಯುವುದು ನಿಲ್ಲುವವರೆಗೆ ಸುಣ್ಣದ ತಿಳಿನೀರು ಸ್ವಲ್ಪಸ್ವಲ್ಪ ಸೇರಿಸಿ. ಮಾಡಿದ್ದನ್ನು ಅಂದೇ ಖಾಲಿಮಾಡಿ.

ಮೊದಲ ಸಲ ಮಳೆಗೆ ಮುಂಚೆ, ಎರಡನೆಯದು 40–45 ದಿನಕ್ಕೆ. ಉತ್ತರ ಸಿಗದ ಪ್ರಶ್ನೆ ಇದ್ದರೆ ಇದೇ ಇಮೇಲ್‌ಗೆ ಬರೆಯಿರಿ, ಕಾಯಿಯ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ.

ಇಮೇಲ್ 5, ಮೇ 18, ಬರಲಾಗದವರಿಗೆ
ವಿಷಯ: ನಿನ್ನೆಯದು ಇಲ್ಲಿದೆ
ನೀವು ಕಟ್ಟಿದ ಹಣಕ್ಕೆ ರೆಕಾರ್ಡಿಂಗೂ ಸೇರಿದೆ, ಮೇ 31ರವರೆಗೆ. ಸಮಯವಿಲ್ಲದಿದ್ದರೆ 22ನೆಯ ನಿಮಿಷದಿಂದ 40ರವರೆಗೆ ನೋಡಿ, ದ್ರಾವಣ ಕಲಸುವುದು ಅಲ್ಲಿದೆ.