ಮಗುವಿನ ಡಿಸ್ಚಾರ್ಜ್ ಮತ್ತು ಜನನ ನೋಂದಣಿ ಕೆಲಸಕ್ಕೆ ಎರಡು ದಿನ ರಜೆ ಕೋರಿ

ತುಮಕೂರು
10 ನವೆಂಬರ್ 2025, ಸೋಮವಾರ

ಇಂದ,
ಮಂಜುನಾಥ್
ಕ್ವಾಲಿಟಿ ವಿಭಾಗ, ಮೊದಲ ಶಿಫ್ಟ್

ಗೆ,
ಮ್ಯಾನೇಜರ್, ಸಿಬ್ಬಂದಿ ವಿಭಾಗ
ವಸಂತನರಸಾಪುರ ಕೈಗಾರಿಕಾ ಪ್ರದೇಶ, ತುಮಕೂರು

ವಿಷಯ: ನವೆಂಬರ್ 11 ಮತ್ತು 12ರಂದು ಎರಡು ದಿನ ಕ್ಯಾಶುಯಲ್ ಲೀವ್ ಕೋರಿ

ಮಾನ್ಯ ಸರ್,

ಶುಕ್ರವಾರ ರಾತ್ರಿ ಫೋನಿನಲ್ಲಿ ತಿಳಿಸಿದ್ದೆ. ನಮಗೆ ಗಂಡು ಮಗು ಹುಟ್ಟಿದೆ. ಆಪರೇಷನ್ ಆಯಿತು, ತಾಯಿ ಮಗು ಇಬ್ಬರೂ ಆರಾಮಾಗಿದ್ದಾರೆ. ಆ ದಿನ ಊಟದ ಹೊತ್ತಿಗೇ ನನ್ನನ್ನು ಕಳಿಸಿಕೊಟ್ಟಿರಿ. ಥಿಯೇಟರ್‌ಗೆ ಕರೆದುಕೊಂಡು ಹೋಗುವ ಮೊದಲು ಹೆಂಡತಿಯ ಮುಖ ನೋಡಲು ಸಾಧ್ಯವಾಯಿತು. ಅದನ್ನು ನಾನು ಮರೆಯುವುದಿಲ್ಲ ಸರ್.

ನಾಳೆ ಮಂಗಳವಾರ ಡಿಸ್ಚಾರ್ಜ್ ಮಾಡುತ್ತೇವೆ ಎಂದಿದ್ದಾರೆ. ಡಾಕ್ಟರು ಬೆಳಿಗ್ಗೆ ರೌಂಡ್ಸ್‌ನಲ್ಲೇ ಹೇಳಿಬಿಡುತ್ತಾರೆ, ಆದರೆ ಬಿಲ್ ವಿಮೆಯವರಿಗೆ ಹೋಗಿ ಒಪ್ಪಿಗೆ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ನಮ್ಮ ಕಂಪನಿಯ ವಿಮೆ ಇರುವುದು ನನ್ನ ಹೆಸರಲ್ಲಿ. ಐಡಿ ಕಾರ್ಡ್ ಹಿಡಿದು, ಸಹಿ ಹಾಕಲು ನಾನೇ ಕೌಂಟರ್ ಹತ್ತಿರ ಇರಬೇಕು. ನಮ್ಮ ಅತ್ತೆಯವರು ಆಸ್ಪತ್ರೆಯಲ್ಲೇ ಇದ್ದಾರೆ, ಆದರೆ ಬಾಣಂತಿಯನ್ನೂ ಮಗುವನ್ನೂ ಬಿಟ್ಟು ಕೆಳಗೆ ಮೇಲೆ ಓಡಾಡಲು ಅವರಿಂದ ಆಗುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ, ತಾಯಿ ಕಾರ್ಡ್, ಬಿಸಿಜಿ ಮತ್ತು ಪೋಲಿಯೊ ಹಾಕಿದ್ದನ್ನು ಬರೆದುಕೊಡುವ ಲಸಿಕೆ ಕಾರ್ಡ್, ಎಲ್ಲವನ್ನೂ ಕೇಳಿ ಇಸ್ಕೊಬೇಕು.

ಇದಕ್ಕಿಂತ ಮುಖ್ಯವಾದದ್ದು ಜನನ ನೋಂದಣಿ. ಖಾಸಗಿ ನರ್ಸಿಂಗ್ ಹೋಮ್ ಆದ್ದರಿಂದ ಅವರು ವಿವರ ತುಂಬಿ ಮಹಾನಗರ ಪಾಲಿಕೆಗೆ ಕಳಿಸುತ್ತಾರೆ. ಅದಕ್ಕೆ 21 ದಿನದ ಗಡುವಿದೆ, ಇನ್ನೂ ಟೈಮ್ ಇದೆಯಲ್ಲ ಎಂದು ನಿಮಗೆ ಅನ್ನಿಸಬಹುದು. ಆ ಅರ್ಜಿಯಲ್ಲಿ ಹೆಸರುಗಳನ್ನು ಬರೆಯುವಾಗ ನಾನು ಎದುರಿಗೇ ಇರಬೇಕು ಎನ್ನುವುದಕ್ಕೆ ಕಾರಣ ಇದೆ ಸರ್.

ಹಿರಿಯ ಮಗಳು ಹುಟ್ಟಿದಾಗ ನಾನು ಡ್ಯೂಟಿ ಮೇಲಿದ್ದೆ. ತಾಯಿ ಹೆಸರೇನು ಎಂದು ಕೇಳಿದ್ದಕ್ಕೆ ಅತ್ತೆಯವರು ಮನೆಯಲ್ಲಿ ಕರೆಯುವ ಹಾಗೆ 'ಪುಷ್ಪ' ಎಂದರು. ಅದೇ ಸರ್ಟಿಫಿಕೇಟ್‌ನಲ್ಲಿ ಬಂತು. ಆಧಾರ್, ರೇಷನ್ ಕಾರ್ಡ್ ಎಲ್ಲದರಲ್ಲೂ ಇರುವುದು 'ಪುಷ್ಪಲತಾ'. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಅದು ಗೊತ್ತಾಯಿತು. ಅಫಿಡವಿಟ್ ಮಾಡಿಸಿ, ಮೂರು ಸಲ ಓಡಾಡಿ ಸರಿ ಮಾಡಿಸಿದೆ. ಎರಡು ದಿನದ ಸಂಬಳವೂ ಹೋಯಿತು. ತಪ್ಪು ಅತ್ತೆಯವರದಲ್ಲ, ಅವತ್ತು ಕಾಗದ ನೋಡಬೇಕಾಗಿದ್ದವನು ನಾನು.

ನಿನ್ನೆ ಮಗುವಿನ ಕಾಲು ಒರೆಸುವಾಗ ಪಟ್ಟಿ ಕಣ್ಣಿಗೆ ಬಿತ್ತು. ಬಿಳಿ ಪ್ಲಾಸ್ಟಿಕ್ ಪಟ್ಟಿ, ಮೇಲೆ ನೀಲಿ ಪೆನ್ನಿನಲ್ಲಿ 'ಬೇಬಿ ಆಫ್ ಪುಷ್ಪ'. ನನಗೆ ಎದೆ ಧಸಕ್ಕೆಂದಿತು. ಸಿಸ್ಟರ್‌ಗೆ ಆಧಾರ್ ತೋರಿಸಿ ಹೇಳಿದ್ದೇನೆ. ಆದರೂ ಅರ್ಜಿ ಹೋಗುವ ಮೊದಲು ನಾನೇ ಒಂದೊಂದು ಅಕ್ಷರ ಓದಿ ಸಹಿ ಹಾಕಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಸ್ಕೂಲಿಗೂ ಆಧಾರ್‌ಗೂ ಹುಟ್ಟಿದ ದಿನಕ್ಕೆ ಇದೇ ದಾಖಲೆ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಅದಕ್ಕೆ ತೊಂದರೆಯಿಲ್ಲ, ನಾಮಕರಣ ಆದಮೇಲೆ ಸೇರಿಸಬಹುದು. ತಾಯಿ ತಂದೆ ಹೆಸರು ಮಾತ್ರ ಮೊದಲ ಸಲವೇ ಸರಿಯಾಗಿ ಬರಬೇಕು.

ಬುಧವಾರ ಬೆಳಿಗ್ಗೆ ಪಾಲಿಕೆ ಕಚೇರಿಗೆ ಹೋಗಿ, ಅರ್ಜಿ ತಲುಪಿದೆಯೇ ಎಂದು ವಿಚಾರಿಸುತ್ತೇನೆ. ಮಧ್ಯಾಹ್ನದ ಮೇಲೆ ತಾಯಿ ಮಗುವನ್ನು ಬಾಣಂತನಕ್ಕೆ ಮಧುಗಿರಿಗೆ ಬಿಟ್ಟುಬರಬೇಕು. ಮಗು ಹುಟ್ಟಿದ್ದು ತುಮಕೂರಿನಲ್ಲಿ, ಆದ್ದರಿಂದ ನೋಂದಣಿ ಇಲ್ಲೇ ಆಗಬೇಕು. ಅಲ್ಲಿಗೆ ಹೋದಮೇಲೆ ಪ್ರತಿ ಸಹಿಗೂ ಇಲ್ಲಿಗೆ ಬರುವುದು ಕಷ್ಟ ಅಲ್ವಾ?

ನನ್ನ ಲೆಕ್ಕದಲ್ಲಿ ಐದು ಕ್ಯಾಶುಯಲ್ ಲೀವ್ ಉಳಿದಿವೆ. ಅದರಲ್ಲಿ ಎರಡನ್ನು ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಗುರುವಾರ ಬೆಳಿಗ್ಗೆ ಮೊದಲ ಶಿಫ್ಟ್‌ಗೆ ತಪ್ಪದೆ ಬರುತ್ತೇನೆ. ಎರಡೂ ದಿನ ನನ್ನ ಲೈನ್ ನೋಡಿಕೊಳ್ಳಲು ರವಿ ಒಪ್ಪಿದ್ದಾನೆ, ಸೂಪರ್‌ವೈಸರ್‌ಗೂ ಹೇಳಿದ್ದೇನೆ. ಇವತ್ತು ಶಿಫ್ಟ್ ಮುಗಿಯುವಾಗ ಗೇಜ್ ರಿಜಿಸ್ಟರ್, ತಡೆಹಿಡಿದ ಲಾಟ್‌ಗಳ ಪಟ್ಟಿ ಅವನ ಕೈಗೆ ಕೊಟ್ಟೇ ಹೋಗುತ್ತೇನೆ.

ಒಂದು ಮಾತು. ಮಗುವಿನ ಮೈ ಸ್ವಲ್ಪ ಹಳದಿಯಾಗಿದೆ ಎಂದು ಇವತ್ತು ರಕ್ತ ಪರೀಕ್ಷೆಗೆ ತೆಗೆದುಕೊಂಡಿದ್ದಾರೆ. ಗಾಬರಿಪಡುವಂಥದ್ದಲ್ಲ ಎಂದಿದ್ದಾರೆ. ರಿಪೋರ್ಟ್ ನೋಡಿ ಡಿಸ್ಚಾರ್ಜ್ ಒಂದು ದಿನ ಮುಂದೆ ಹಾಕಿದರೆ, ನಾಳೆ ಬೆಳಿಗ್ಗೆ ಒಂಬತ್ತರೊಳಗೆ ಫೋನ್ ಮಾಡಿ ನಿಮ್ಮನ್ನು ಕೇಳುತ್ತೇನೆ.

ಆಸ್ಪತ್ರೆಯ ಅಡ್ಮಿಷನ್ ಚೀಟಿಯ ಜೆರಾಕ್ಸ್ ಇದರ ಜೊತೆಗಿದೆ. ಜನನ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅದರ ಪ್ರತಿ ತಂದುಕೊಡುತ್ತೇನೆ, ವಿಮೆಯಲ್ಲಿ ಮಗುವನ್ನೂ ಸೇರಿಸಿಕೊಡಬೇಕು.

ಇಂತಿ ನಿಮ್ಮ ವಿಶ್ವಾಸಿ,
ಮಂಜುನಾಥ್